ಟ್ಯಾಬ್‌ಗೆ ಟೈಮ್ ಹಾಕಲು ಮನೆಯವರ ಫೋನ್‌ಗಳಿಗೆಲ್ಲ ನಂಬರ್ ಕೊಟ್ಟೆ

ಮಗುವಿನ ಟ್ಯಾಬ್‌ಗೆ ರೌಟರಿನಲ್ಲೇ ಟೈಮ್ ಹಾಕೋದು ಹೇಗೆ ಅಂತ ಯಾರನ್ನು ಕೇಳಿದರೂ ಒಂದೇ ದಾರಿ ಹೇಳುತ್ತಾರೆ. ಟ್ಯಾಬ್‌ನ ಮ್ಯಾಕ್ ಅಡ್ರೆಸ್, ಅಂದರೆ ವೈಫೈಗೆ ಸೇರುವಾಗ ಅದು ಹೇಳುವ ಗುರುತಿನ ನಂಬರ್ ಬರೆದುಕೊಳ್ಳಿ, ಅದಕ್ಕೆ ಒಂದು ಐಪಿ ಅಡ್ರೆಸ್, ಅಂದರೆ ಮನೆಯ ನೆಟ್‌ವರ್ಕಿನಲ್ಲಿ ರೌಟರ್ ಕೊಡುವ ನಂಬರ್ ಕಾಯಂ ಮಾಡಿ, ಆ ಐಪಿಗೆ ಇಂತಿಷ್ಟು ಹೊತ್ತು ನೆಟ್ ಬೇಡ ಅಂತ ರೂಲ್ ಹಾಕಿ, ಮುಗೀತು. ನಾನೂ ಹಾಗೇ ಮಾಡಿದೆ. ಕೆಲಸವನ್ನೂ ಮಾಡಿತು, ಮೇಲಿನ ಮಹಡಿಯ ಎಂಟನೇ ಕ್ಲಾಸ್ ಹುಡುಗ ನನ್ನ ಮಗನಿಗೆ ಒಂದು ಬಟನ್ ತೋರಿಸಿಕೊಡುವವರೆಗೆ.

ನಮ್ಮದು ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಮಗ ಐದನೇ ಕ್ಲಾಸ್. ಟ್ಯಾಬ್ ಆಂಡ್ರಾಯ್ಡ್‌ದು, ಸಿಮ್ ಇಲ್ಲ, ವೈಫೈ ಮಾತ್ರ. ಫೈಬರ್ ಕಂಪನಿಯವರು ಕೊಟ್ಟ ಡಬ್ಬ ಒಂದು, ಅದರ ಹಿಂದೆ ನಾವೇ ಕೊಂಡ ರೌಟರ್ ಒಂದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹೀಗೆ ಎರಡು ಡಬ್ಬ ಇರುವ ಮನೆಯಲ್ಲಿ ಫೈಬರ್ ಡಬ್ಬಕ್ಕೂ ಸಾಮಾನ್ಯವಾಗಿ ತನ್ನದೇ ವೈಫೈ ಇರುತ್ತದೆ, ಅದರ ಪಾಸ್‌ವರ್ಡ್ ಡಬ್ಬದ ಹೊಟ್ಟೆಗೆ ಅಂಟಿಸಿದ ಸ್ಟಿಕ್ಕರಿನಲ್ಲೇ ಇರುತ್ತದೆ. ಅದನ್ನು ಆಫ್ ಮಾಡದೆ ನಿಮ್ಮ ರೌಟರಿನಲ್ಲಿ ಏನೇ ರೂಲ್ ಬರೆದರೂ ಉಪಯೋಗವಿಲ್ಲ. ಅದನ್ನು ಮೊದಲು ಆಫ್ ಮಾಡಿಸಿ, ಹಾಗೇ ನಿಮ್ಮ ರೌಟರಿನ ಲಾಗಿನ್ ಪಾಸ್‌ವರ್ಡನ್ನೂ ಬದಲಾಯಿಸಿ. ಹತ್ತು ವರ್ಷದ ಮಕ್ಕಳಿಗೆ ಸ್ಟಿಕ್ಕರ್ ಓದಲು ಚೆನ್ನಾಗಿಯೇ ಬರುತ್ತದೆ.

ಈಗ ಆ ಬಟನ್ ವಿಷಯ. ಆಂಡ್ರಾಯ್ಡ್ 10ರಿಂದೀಚೆಗೆ ಫೋನ್, ಟ್ಯಾಬ್‌ಗಳು ವೈಫೈಗೆ ಸೇರುವಾಗ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ ಸಾಮಾನ್ಯವಾಗಿ ಹೇಳುವುದಿಲ್ಲ. ಒಂದೊಂದು ವೈಫೈ ಹೆಸರಿಗೆ ಒಂದೊಂದು ಸುಳ್ಳು ಅಡ್ರೆಸ್ ಹುಟ್ಟಿಸಿಕೊಂಡು ಅದನ್ನು ಹೇಳುತ್ತವೆ. ಮಾಲ್‌ನಲ್ಲೋ ಹೋಟೆಲ್‌ನಲ್ಲೋ ನಮ್ಮನ್ನು ಯಾರೂ ಹಿಂಬಾಲಿಸಬಾರದು ಅಂತ ಮಾಡಿದ್ದು, ಒಳ್ಳೆಯದೇ. ಐಪ್ಯಾಡ್‌ನಲ್ಲೂ ಇದೆ, ಅಲ್ಲಿ Private Wi-Fi Address ಅಂತಾರೆ. ಆಂಡ್ರಾಯ್ಡಿನಲ್ಲಿ ವೈಫೈ ಹೆಸರಿನ ಪಕ್ಕದ ಚಕ್ರ ಒತ್ತಿದರೆ Privacy ಅಂತ ಒಂದು ಸಾಲು ಬರುತ್ತದೆ. ಅದರೊಳಗೆ Use randomized MAC, Use device MAC ಅಂತ ಎರಡು ಆಯ್ಕೆ. ನಾನು ಟ್ಯಾಬ್‌ನಲ್ಲಿ ಎರಡನೆಯದನ್ನು ಇಟ್ಟು, ಆ ಅಡ್ರೆಸ್ಸನ್ನೇ ರೌಟರಿಗೆ ಕೊಟ್ಟಿದ್ದೆ. ಮೇಲಿನ ಮನೆಯ ಹುಡುಗ ಮೊದಲನೆಯದಕ್ಕೆ ತಿರುಗಿಸಿದ. ಅಷ್ಟೇ. ಟ್ಯಾಬ್ ರೌಟರಿನ ಕಣ್ಣಿಗೆ ಹೊಸ ವಸ್ತುವಾಯಿತು, ಹೊಸ ಐಪಿ ಸಿಕ್ಕಿತು, ನನ್ನ ರೂಲ್ ಯಾರೂ ಇಲ್ಲದ ಹಳೇ ಐಪಿಯನ್ನು ಕಾಯುತ್ತಾ ಕೂತಿತು.

ಇದು ಹೇಗೆ ಗೊತ್ತಾಯಿತು ಅಂದರೆ, ರೌಟರ್ ಯಾರಿಗೆ ಯಾವ ಐಪಿ ಕೊಟ್ಟಿದೆ ಅಂತ ತೋರಿಸುವ DHCP Clients List ತೆಗೆದು ನೋಡಿದೆ. ಗುರುತಿಲ್ಲದ ಒಂದು ಸಾಲು ಇತ್ತು. ಅದರ ಮ್ಯಾಕ್‌ನ ಎರಡನೇ ಅಕ್ಷರ A. ಇದೊಂದು ಸುಲಭದ ಗುರುತು. ಮ್ಯಾಕ್ ಅಡ್ರೆಸ್‌ನ ಎರಡನೇ ಅಕ್ಷರ 2, 6, A ಅಥವಾ E ಆಗಿದ್ದರೆ ಅದು ಕಂಪನಿಯವರು ಕೊಟ್ಟ ಅಡ್ರೆಸ್ ಅಲ್ಲ, ಸಾಮಾನ್ಯವಾಗಿ ಸಾಧನ ತಾನೇ ಹುಟ್ಟಿಸಿಕೊಂಡದ್ದು.

ನೆಟ್‌ವರ್ಕಿಂಗ್ ಕೆಲಸದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಮಗ ಸೆಟ್ಟಿಂಗ್ ಮುಟ್ಟದ ಹಾಗೆ ಏನಾದರೂ ಲಾಕ್ ಇದೆಯಾ ಅಂತ ನಾನು ಕೇಳಿದರೆ ಅವನು ನಕ್ಕ. "ಅಕ್ಕಾ, ಅವನ ಟ್ಯಾಬ್ ಹಿಂದೆ ಓಡಬೇಡ. ನೀನು, ಭಾವ, ಟಿವಿ, ನಿಮ್ಮ ಲ್ಯಾಪ್‌ಟಾಪು, ಇಷ್ಟಕ್ಕೆ ನಂಬರ್ ಕೊಟ್ಟುಬಿಡು. ನಂಬರ್ ಇಲ್ಲದವರಿಗೆಲ್ಲ ರೂಲ್ ಹಾಕು. ಆಮೇಲೆ ಅವನು ದಿನಕ್ಕೊಂದು ವೇಷ ಹಾಕಿಕೊಂಡು ಬರಲಿ, ಸಿಕ್ಕಿಬೀಳ್ತಾನೆ."

ಇಷ್ಟೇ ವಿಷಯ. ಆದರೆ ಪೂರ್ತಿ ಲೆಕ್ಕವೇ ತಿರುಗಿತು. ಮೊದಲಿನ ದಾರಿಯಲ್ಲಿ ಅಡ್ರೆಸ್ ಬದಲಾಯಿಸಿದರೆ ಹುಡುಗನಿಗೆ ಲಾಭ. ಈಗ ಬದಲಾಯಿಸಿದರೂ ಅವನು ಬೀಳುವುದು ರೂಲ್ ಇರುವ ಗುಂಪಿಗೇ.

ಮಾಡಿದ್ದು ಹೀಗೆ. ನಮ್ಮ ರೌಟರಿನ ಅಡ್ರೆಸ್ 192.168.0.1. ಅದು ಮಾಮೂಲಾಗಿ ಬಂದವರಿಗೆಲ್ಲ 192.168.0.100ರಿಂದ 199ರ ಒಳಗೆ ಒಂದು ಐಪಿ ಹಂಚುತ್ತದೆ. ಅದನ್ನು ಹಾಗೇ ಬಿಟ್ಟೆ. ಮನೆಯ ದೊಡ್ಡವರ ಸಾಧನಗಳಿಗೆ ಮಾತ್ರ 2ರಿಂದ 19ರವರೆಗಿನ ನಂಬರ್ ಇಟ್ಟುಕೊಂಡೆ. DHCP ಮೆನುವಿನೊಳಗೆ Address Reservation ಅಂತ ಇದೆ, ಅಲ್ಲಿ ಒಂದೊಂದರ ಮ್ಯಾಕ್ ಬರೆದು ಪಕ್ಕದಲ್ಲಿ ಬೇಕಾದ ಐಪಿ ಬರೆದು ಸೇವ್ ಮಾಡುತ್ತಾ ಹೋದೆ. ನನ್ನ ಫೋನ್ 192.168.0.2, ಯಜಮಾನರ ಫೋನ್ 3, ಅವರ ಆಫೀಸ್ ಲ್ಯಾಪ್‌ಟಾಪ್ 4, ಟಿವಿ 5, ಹೀಗೆ. ನಮ್ಮ ರೌಟರ್ ತಾನು ಹಂಚುವ 100–199ರ ಹೊರಗಿನ ನಂಬರನ್ನೂ ಕಾಯಂ ಮಾಡಲು ಒಪ್ಪುತ್ತದೆ. ಒಪ್ಪದ ರೌಟರ್‌ಗಳೂ ಇವೆ, ಸೇವ್ ಒತ್ತಿದ ಕೂಡಲೇ ಅದೇ ಹೇಳುತ್ತದೆ.

ಇಲ್ಲಿ ದೊಡ್ಡವರ ಫೋನ್‌ನಲ್ಲೂ Use device MAC ಇಡಬೇಕು. ಇಡದಿದ್ದರೂ ಕೆಲವು ದಿನ ನಡೆಯುತ್ತದೆ, ಯಾಕೆಂದರೆ ಆ ಸುಳ್ಳು ಅಡ್ರೆಸ್ ಒಂದೇ ವೈಫೈ ಹೆಸರಿಗೆ ಸಾಮಾನ್ಯವಾಗಿ ಒಂದೇ ಇರುತ್ತದೆ. ಆದರೆ ರೌಟರಿನ 2.4 ಮತ್ತು 5 ಗಿಗಾಹರ್ಟ್ಸ್‌ಗೆ ಬೇರೆ ಬೇರೆ ಹೆಸರಿಟ್ಟಿದ್ದರೆ ಎರಡಕ್ಕೂ ಬೇರೆ ಬೇರೆ ಅಡ್ರೆಸ್. ಹಾಲ್‌ನಲ್ಲಿ ನೆಟ್ ಬರುತ್ತದೆ, ರೂಮಿಗೆ ಹೋಗಿ ಇನ್ನೊಂದಕ್ಕೆ ಸೇರಿದರೆ ನೀವೇ ರೂಲ್‌ಗೆ ಸಿಕ್ಕಿಕೊಳ್ಳುತ್ತೀರಿ.

ಇನ್ನೊಂದು ವಿಷಯ. ನಂಬರ್ ಸೇವ್ ಮಾಡಿದ ತಕ್ಷಣ ಫೋನಿನ ಐಪಿ ಬದಲಾಗುವುದಿಲ್ಲ. ಹಳೇ ಐಪಿಯನ್ನು ಅದು ಒಂದು ಅವಧಿಗೆ ಬಾಡಿಗೆಗೆ ತಗೊಂಡಿರುತ್ತದೆ, ನಮ್ಮ ರೌಟರಿನಲ್ಲಿ ಆ ಅವಧಿ 120 ನಿಮಿಷ. ಕಾಯುವ ಬದಲು ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೊಸ ನಂಬರ್ ಬರುತ್ತದೆ. ಬಂದಿದೆಯಾ ಅಂತ DHCP Clients List ನೋಡಿ ಖಚಿತ ಮಾಡಿಕೊಂಡೇ ಮುಂದಿನ ಫೋನ್‌ಗೆ ಹೋಗಿ.

ಆಮೇಲೆ ರೂಲ್. ಮೆನುವಿನಲ್ಲಿ Access Control ಅಂತ ಇದೆ, ಅದರೊಳಗೆ Host, Target, Schedule, ಅಂದರೆ ಯಾರು, ಎಲ್ಲಿಗೆ, ಯಾವಾಗ. ಯಾರು ಅನ್ನುವಲ್ಲಿ ಐಪಿ ರೇಂಜ್ ಕೊಡಬಹುದು. ಸಹಜವಾಗಿ ಕೈ 100–199 ಬರೆಯಲು ಹೋಗುತ್ತದೆ. ಅದು ಸಾಲದು. ಟ್ಯಾಬ್‌ನ ವೈಫೈ ಸೆಟ್ಟಿಂಗಿನಲ್ಲಿ DHCP ಬಿಟ್ಟು Static ಅಂತ ಆರಿಸಿ ಕೈಯಾರೆ 192.168.0.50 ಅಂತ ಬರೆದರೆ ಅದು ದೊಡ್ಡವರ ಪಟ್ಟಿಯಲ್ಲೂ ಇಲ್ಲ, ರೂಲ್‌ನ ರೇಂಜಿನಲ್ಲೂ ಇಲ್ಲ, ಆರಾಮಾಗಿ ಹೊರಗೆ ಹೋಗುತ್ತದೆ. ಹಾಗಾಗಿ 192.168.0.20ರಿಂದ 192.168.0.254ರವರೆಗೆ ಬರೆದೆ. ಎಲ್ಲಿಗೆ ಅನ್ನುವುದು Any Target. ಬರೀ ವೆಬ್ ಪೋರ್ಟ್ ಮುಚ್ಚುತ್ತೇನೆ ಅಂತ ಹೋಗಬೇಡಿ, ಅದರಿಂದ ಎಷ್ಟೋ ಗೇಮ್‌ಗಳು ನಿಲ್ಲುವುದಿಲ್ಲ.

ಪೇಜಿನ ಮೇಲ್ಗಡೆ ಒಂದು ಮುಖ್ಯ ಆಯ್ಕೆ ಇದೆ: ಕೆಳಗೆ ಬರೆದ ರೂಲ್‌ಗಳು ಬಿಡುವುದಕ್ಕಾ, ತಡೆಯುವುದಕ್ಕಾ ಅಂತ. Allow ಇಟ್ಟರೆ ರೂಲ್‌ನಲ್ಲಿ ಬರೆದದ್ದು ಮಾತ್ರ ತೆರೆದಿರುತ್ತದೆ, ಉಳಿದ ಮನೆಯೆಲ್ಲ ಬಂದ್. ಆಫೀಸ್ ಮೀಟಿಂಗ್ ನಡುವೆ ಇದನ್ನು ಒತ್ತಿದರೆ ಮನೆಯಲ್ಲಿ ಗಲಾಟೆ ಗ್ಯಾರಂಟಿ. ನಮಗೆ ಬೇಕಾದ್ದು Deny. ಅಂದರೆ ನೆಟ್ ಇರುವ ಹೊತ್ತನ್ನಲ್ಲ, ಇಲ್ಲದ ಹೊತ್ತನ್ನು ಬರೆಯಬೇಕು.

ಮಗನ ಜೊತೆ ಒಪ್ಪಂದ ಆದದ್ದು ವಾರದ ದಿನ ಸಂಜೆ ಐದೂವರೆಯಿಂದ ಏಳು, ಶನಿವಾರ ಭಾನುವಾರ ಅದರ ಜೊತೆಗೆ ಬೆಳಗ್ಗೆ ಹತ್ತರಿಂದ ಹನ್ನೆರಡು. ಇದನ್ನು ತಿರುಗಿಸಿ ಬರೆಯಲು ಕೂತರೆ ಮಧ್ಯರಾತ್ರಿ ಅಡ್ಡ ಬರುತ್ತದೆ. ಸಂಜೆ ಏಳರಿಂದ ಮರುದಿನ ಐದೂವರೆಗೆ ಅಂತ ಒಂದೇ ಸಾಲಿನಲ್ಲಿ ಬರೆಯೋಣ ಅಂದರೆ ನಮ್ಮ ರೌಟರ್ ಮುಗಿಯುವ ಹೊತ್ತು ಶುರುವಾಗುವ ಹೊತ್ತಿಗಿಂತ ಮುಂಚೆ ಇದೆ ಅಂತ ತಕರಾರು ತೆಗೆಯುತ್ತದೆ. ಹಾಗಾಗಿ ದಿನವನ್ನು ರಾತ್ರಿ ಹನ್ನೆರಡಕ್ಕೆ ಕತ್ತರಿಸಿ ನಾಲ್ಕು ತುಂಡು ಮಾಡಿದೆ.

```
Everyday   1900-2400   Deny
Mon-Fri    0000-1730   Deny
Sat, Sun   0000-1000   Deny
Sat, Sun   1200-1730   Deny
```

ಕೆಲವು ರೌಟರ್‌ಗಳು 2400 ಒಪ್ಪುವುದಿಲ್ಲ, 2359 ಬರೆಯಬೇಕು. ಆಗ ಮಧ್ಯರಾತ್ರಿ ಒಂದು ನಿಮಿಷ ನೆಟ್ ತೆರೆದಿರುತ್ತದೆ, ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಹೀಗೆ ಎಲ್ಲ ಮಾಡಿ Enable ಒತ್ತಿದ ಮೇಲೆ ಏಳೂಕಾಲಿಗೆ ಹೋಗಿ ನೋಡಿದರೆ ಯೂಟ್ಯೂಬ್ ಓಡುತ್ತಿದೆ! ಮೊದಲು ಅನ್ನಿಸಿದ್ದು ಇದು ಹಳೇ ವಿಡಿಯೊದ ಉಳಿಕೆ ಅಂತ. ಅದೂ ಆಗುತ್ತದೆ. ವಿಡಿಯೊ ಆ್ಯಪ್ ಮುಂದಿನ ಸ್ವಲ್ಪ ಭಾಗವನ್ನು ಮೊದಲೇ ಇಳಿಸಿಕೊಂಡಿರುತ್ತದೆ, ಜೊತೆಗೆ ಕೆಲವು ರೌಟರ್‌ಗಳು ರೂಲ್ ಶುರುವಾದಾಗ ಹೊಸ ಸಂಪರ್ಕವನ್ನು ಮಾತ್ರ ತಡೆಯುತ್ತವೆ, ಆಗಲೇ ನಡೆಯುತ್ತಿರುವುದನ್ನು ಕಡಿಯುವುದಿಲ್ಲ. ಹಾಗಾಗಿ ಟ್ಯಾಬ್‌ನ ವೈಫೈ ಆಫ್ ಮಾಡಿ ಆನ್ ಮಾಡಿ, ಹೊಸದಾಗಿ ಏನೋ ಹುಡುಕಿದೆ. ಆಗಲೂ ಬಂತು. ಆದರೆ ಮಗ "ಅಮ್ಮಾ, ಯೂಟ್ಯೂಬ್ ಬರುತ್ತೆ, ಸ್ಕೂಲ್ ಸೈಟ್ ಬರಲ್ಲ, ನೀನು ಏನು ಮಾಡ್ದೆ?" ಅಂದ. ಹೋಮ್‌ವರ್ಕ್ ಮುಚ್ಚಿ ಯೂಟ್ಯೂಬ್ ಬಿಟ್ಟ ತಾಯಿ ನಾನೊಬ್ಬಳೇ ಇರಬೇಕು.

ಈ ಮಾತಿನಲ್ಲೇ ಸುಳಿವಿತ್ತು. ಗೂಗಲ್, ಯೂಟ್ಯೂಬ್‌ನಂಥ ದೊಡ್ಡವು ಬರುತ್ತವೆ, ಸಣ್ಣಪುಟ್ಟ ಸೈಟ್‌ಗಳು ಬರುವುದಿಲ್ಲ ಅಂದರೆ ಅದು ಐಪಿವಿ6, ಐಪಿ ಅಡ್ರೆಸ್‌ಗಳ ಹೊಸ ಪದ್ಧತಿ. ನಾವು ಇಷ್ಟು ಹೊತ್ತು ಬರೆದ 192.168 ನಂಬರ್‌ಗಳೆಲ್ಲ ಐಪಿವಿ4ದು. ಈಗ ಎಷ್ಟೋ ಫೈಬರ್ ಲೈನ್‌ಗಳಲ್ಲಿ ಅದರ ಜೊತೆಜೊತೆಗೇ ಐಪಿವಿ6 ಕೂಡ ಬರುತ್ತದೆ, ಆ ಕಡೆಯ ಸೈಟ್‌ಗೂ ಐಪಿವಿ6 ಇದ್ದರೆ ಟ್ಯಾಬ್ ಅದನ್ನೇ ಮೊದಲು ಹಿಡಿಯುತ್ತದೆ. ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಸ್ಕೂಲಿನ ಸೈಟ್ ಐಪಿವಿ4 ಮಾತ್ರ, ಅದಕ್ಕೆ ಅದೊಂದೇ ಪಾಪ ಹೊರಗೆ ನಿಂತಿತ್ತು.

ಖಚಿತ ಮಾಡಿಕೊಳ್ಳಲು ಟ್ಯಾಬ್‌ನ Settings ಒಳಗೆ About tabletನಲ್ಲಿ ಐಪಿ ಅಡ್ರೆಸ್ ನೋಡಿ. ಅಲ್ಲಿ 192.168 ಜೊತೆಗೆ ಕೋಲನ್‌ಗಳಿರುವ ಉದ್ದನೆಯ ಅಡ್ರೆಸ್‌ಗಳಿರುತ್ತವೆ. fe80 ಅಂತ ಶುರುವಾಗುವುದು ಮನೆಯೊಳಗಿನದು, ಅದರಿಂದ ತೊಂದರೆ ಇಲ್ಲ. 2ರಿಂದ ಶುರುವಾಗುವುದು ಇದ್ದರೆ ಅದೇ ಹಿತ್ತಲ ದಾರಿ.

ಹಾಗಾದರೆ ಐಪಿವಿ6ನಲ್ಲೂ ನಂಬರ್ ಕಾಯಂ ಮಾಡಿದರಾಯಿತಲ್ಲ ಅಂತ ನಾನೂ ತಮ್ಮನನ್ನು ಕೇಳಿದೆ. ಆಗುವುದಿಲ್ಲವಂತೆ. ಐಪಿವಿ4ನಲ್ಲಿ ರೌಟರ್ ನಂಬರ್ ಕೊಡುತ್ತದೆ, ಸಾಧನ ತಗೊಳ್ಳುತ್ತದೆ. ಐಪಿವಿ6ನಲ್ಲಿ ಸಾಮಾನ್ಯವಾಗಿ ರೌಟರ್ ಅಡ್ರೆಸ್‌ನ ಮುಂದಿನ ಅರ್ಧ ಮಾತ್ರ ಹೇಳುತ್ತದೆ, ಉಳಿದರ್ಧವನ್ನು ಸಾಧನವೇ ಕಟ್ಟಿಕೊಳ್ಳುತ್ತದೆ, ಆಗಾಗ ಬದಲಾಯಿಸಿಕೊಳ್ಳುತ್ತದೆ ಕೂಡ. ಆಂಡ್ರಾಯ್ಡ್ ಅಂತೂ ರೌಟರ್ ಒಂದು ಪೂರ್ತಿ ಐಪಿವಿ6 ಅಡ್ರೆಸ್ ಎತ್ತಿಕೊಟ್ಟರೂ ಅದನ್ನು ತಗೊಳ್ಳುವುದಿಲ್ಲ. ಕಾಯಂ ಮಾಡಲು ಏನೂ ಇಲ್ಲ. ಹೊಸ ರೌಟರ್‌ಗಳಲ್ಲಿ ಮ್ಯಾಕ್ ಲೆಕ್ಕದಲ್ಲಿ ತಡೆದರೆ ಎರಡೂ ನಿಲ್ಲಬಹುದು, ಆದರೆ ಮ್ಯಾಕ್ ಹಿಡಿದರೆ ಮತ್ತೆ ಮೇಲಿನ ಮನೆಯ ಹುಡುಗನ ಬಟನ್‌ಗೇ ಬರುತ್ತೇವೆ, ಅಲ್ವಾ? ಕೊನೆಗೆ ರೌಟರಿನ IPv6 ಮೆನುವಿಗೆ ಹೋಗಿ Enable IPv6 ಟಿಕ್ ತೆಗೆದೆ, ರೌಟರ್ ರೀಸ್ಟಾರ್ಟ್ ಮಾಡಿ, ಟ್ಯಾಬ್‌ನಲ್ಲಿ 2ರ ಅಡ್ರೆಸ್ ಹೋಗಿದೆಯಾ ನೋಡಿದೆ. ಹೋಗಿತ್ತು. ಯೂಟ್ಯೂಬ್ ಚಕ್ರ ತಿರುಗಿಸುತ್ತಾ ನಿಂತಿತು. ಮನೆಯಲ್ಲಿ ಬೇರೆ ಯಾವುದಕ್ಕೂ ಇದರಿಂದ ತೊಂದರೆ ಆಗಿಲ್ಲ. ಹೊರಗಿನಿಂದ ನೇರವಾಗಿ ಮನೆಯ ಕಂಪ್ಯೂಟರ್‌ಗೆ ಬರಲು ಐಪಿವಿ6 ಬಳಸುವವರು ಮಾತ್ರ ಯೋಚನೆ ಮಾಡಬೇಕು.

ಇನ್ನು ಗಡಿಯಾರ. ಶೆಡ್ಯೂಲ್ ಅಂದಮೇಲೆ ರೌಟರಿಗೆ ಟೈಮ್ ಗೊತ್ತಿರಬೇಕು. ನಮ್ಮದು ಪೆಟ್ಟಿಗೆಯಿಂದ ಬಂದಾಗ ಜಿಎಂಟಿಯಲ್ಲಿ ಇತ್ತು. ಅದನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಲೆಕ್ಕ ಹಾಕಿ ನೋಡಿ: ರೌಟರಿನ ಐದೂವರೆ ಅಂದರೆ ನಮ್ಮ ರಾತ್ರಿ ಹನ್ನೊಂದು, ಅದರ ಏಳು ಅಂದರೆ ನಮ್ಮ ಹನ್ನೆರಡೂವರೆ. ಸಂಜೆಯೆಲ್ಲ ನೆಟ್ ಇಲ್ಲ, ಮಲಗುವ ಹೊತ್ತಿಗೆ ಬರುತ್ತದೆ. ನಿಮ್ಮ ರೂಲ್ ಸರಿಯಾಗಿ ಐದೂವರೆ ಗಂಟೆ ಜರುಗಿ ನಡೆಯುತ್ತಿದ್ದರೆ ರೂಲ್ ತಿದ್ದಬೇಡಿ, Time Settingsಗೆ ಹೋಗಿ GMT+05:30 ಆರಿಸಿ.

ಅದು ಸರಿಯಿದ್ದರೂ ಕರೆಂಟ್ ಹೋಗಿ ಬಂದಾಗ ಇನ್ನೊಂದು ಆಟ ಶುರುವಾಗುತ್ತದೆ. ನಮ್ಮ ಏರಿಯಾದಲ್ಲಿ ಮಳೆ ಬಿದ್ದರೆ ಕರೆಂಟ್ ಹೋಗುವುದು ಮಾಮೂಲು. ಇಂಥ ರೌಟರಿನೊಳಗೆ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಆನ್ ಆದಾಗ ಅದಕ್ಕೆ ಇವತ್ತು 1970ರ ಜನವರಿ 1. ಫೈಬರ್ ಡಬ್ಬ ಎದ್ದು, ಲೈನ್ ಬಂದು, ಇಂಟರ್ನೆಟ್‌ನಿಂದ ಟೈಮ್ ತರಿಸಿಕೊಳ್ಳುವವರೆಗೆ ಅದು ಆ ದಿನದಲ್ಲೇ ಇರುತ್ತದೆ. ಆ ದಿನ ಗುರುವಾರ, ರೌಟರ್ ಎಣಿಕೆ ಶುರು ಮಾಡುವುದು ಬೆಳಗಿನ ಜಾವದಿಂದ. ನನ್ನ ಪಟ್ಟಿಯಲ್ಲಿ ಗುರುವಾರ ಬೆಳಗಿನ ಜಾವ ಮುಚ್ಚಿರುವ ಹೊತ್ತು, ಹಾಗಾಗಿ ಟೈಮ್ ಬರುವವರೆಗೆ ಟ್ಯಾಬ್ ಬಂದ್ ಇರುತ್ತದೆ, ಅದು ನಮಗೆ ಒಳ್ಳೆಯದೇ. ನೀವು ಬೆಳಗ್ಗೆ ಐದರಿಂದ ಆರು ಓದಲಿ ಅಂತ ಬಿಟ್ಟಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಟ್ಯಾಬ್‌ಗೆ ಸ್ವಲ್ಪ ಹೊತ್ತು ದಾರಿ ತೆರೆದಿರಬಹುದು. ಟೈಮ್ ತರಿಸಿಕೊಳ್ಳಲು ಆಗದೇ ಹೋದರೆ ರೌಟರಿನ Time ಪೇಜಿನಲ್ಲಿ 1970 ಅಂತಲೇ ಕಾಣುತ್ತದೆ. ಮೊಬೈಲ್ ಅಂಗಡಿಗಳಲ್ಲಿ ಸಿಗುವ ಸಣ್ಣ ರೌಟರ್ ಯುಪಿಎಸ್ ಒಂದನ್ನು ಎರಡೂ ಡಬ್ಬಕ್ಕೆ ಹಾಕಿಸಿದ ಮೇಲೆ ನಮಗೆ ಈ ತಾಪತ್ರಯ ತಪ್ಪಿದೆ.

ಎಲ್ಲ ಸರಿಹೋಯಿತು ಅನ್ನುವಾಗ ತುಮಕೂರಿನಿಂದ ಅತ್ತೆ ಬಂದರು. ರಾತ್ರಿ ಊಟ ಆದಮೇಲೆ ಯಜಮಾನರು ಬಂದು, "ಏನೇ, ಅಮ್ಮನ ಫೋನ್‌ನಲ್ಲಿ ನೆಟ್ಟೇ ಬರ್ತಿಲ್ವಂತೆ, ಸೀರಿಯಲ್ ನೋಡ್ಬೇಕಂತೆ" ಅಂದರು. ಬರುವುದಿಲ್ಲ ಕಣ್ರೀ, ಅವರು ನಂಬರ್ ಇಲ್ಲದವರು. ಈ ದಾರಿಯ ಖರ್ಚೇ ಇದು. ಮನೆಗೆ ಬಂದ ಯಾರೇ ಆಗಲಿ, ಹೊಸದಾಗಿ ಕೊಂಡ ಬಲ್ಬ್, ಕ್ಯಾಮೆರಾ, ಪ್ರಿಂಟರ್ ಏನೇ ಆಗಲಿ, ಪಟ್ಟಿಗೆ ಸೇರಿಸುವವರೆಗೆ ಐದನೇ ಕ್ಲಾಸಿನ ಟೈಮ್‌ಟೇಬಲ್ಲೇ ಅವರಿಗೂ. ಅತ್ತೆಯ ಫೋನ್‌ಗೆ 192.168.0.9 ಕೊಟ್ಟೆ, ಅವರ ವೈಫೈ ಆಫ್ ಮಾಡಿ ಆನ್ ಮಾಡಿಸಿದೆ, ಸೀರಿಯಲ್ ಬಂತು. ಗೆಸ್ಟ್ ನೆಟ್‌ವರ್ಕ್ ತೆರೆದಿಡಬಹುದಿತ್ತು, ಆದರೆ ಅತ್ತೆ ಕೇಳಿದರೆ ಮೊಮ್ಮಗನಿಗೆ ಪಾಸ್‌ವರ್ಡ್ ಹೇಳದೇ ಇರುವವರಲ್ಲ.

ಇದು ತಡೆಯದ ವಿಷಯಗಳೂ ಇವೆ. ಮೊದಲೇ ಡೌನ್‌ಲೋಡ್ ಮಾಡಿಟ್ಟ ವಿಡಿಯೊ, ನೆಟ್ ಬೇಡದ ಗೇಮ್‌ಗಳಿಗೆ ರೌಟರ್ ಸಂಬಂಧವೇ ಇಲ್ಲ. ಅಪ್ಪನ ಫೋನ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದರೂ ಅಷ್ಟೇ, ಅದಕ್ಕೆ ಫೋನಿನ ಲಾಕ್ ಬದಲಾಯಿಸಿದ್ದಾಯಿತು. ಇನ್ನೊಂದು, ಟ್ಯಾಬ್‌ಗೆ Staticನಲ್ಲಿ ನಮ್ಮದೇ ನಂಬರ್, ಅಂದರೆ 192.168.0.3 ಬರೆದರೆ ಅದು ದೊಡ್ಡವರ ಲೆಕ್ಕಕ್ಕೆ ಬರುತ್ತದೆ. ಒಂದೇ ನಂಬರ್ ಇಬ್ಬರಿಗಾದಾಗ ಯಜಮಾನರ ಫೋನ್‌ನಲ್ಲಿ ನೆಟ್ ಬಿಟ್ಟು ಬಿಟ್ಟು ಬರಲು ಶುರುವಾಗುತ್ತದೆ, ಅದರಿಂದಲೇ ಗೊತ್ತಾಗುತ್ತದೆ. ಕೆಲವು ರೌಟರ್‌ಗಳಲ್ಲಿ IP & MAC Binding ಅಂತ ಇರುತ್ತದೆ, ಅದರಲ್ಲಿ ಈ ನಂಬರ್ ಈ ಮ್ಯಾಕ್‌ಗೆ ಮಾತ್ರ ಅಂತ ಕಟ್ಟಿಹಾಕಬಹುದು. ನಮ್ಮ ರೌಟರಿನಲ್ಲೂ ಇದೆ, ಇನ್ನೂ ಹಾಕಿಲ್ಲ. ಮೇಲಿನ ಮನೆಯ ಹುಡುಗ ಒಂಬತ್ತಕ್ಕೆ ಬಂದಮೇಲೆ ಬೇಕಾಗಬಹುದು.

ಎಲ್ಲ ಮುಗಿದ ಮೇಲೆ System Tools ಒಳಗಿನ Backupನಿಂದ ಈ ಪೂರ್ತಿ ಸೆಟ್ಟಿಂಗನ್ನು ಒಂದು ಫೈಲ್ ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡೆ. ನೆಟ್ ಸ್ಲೋ ಅಂತ ದೂರು ಕೊಟ್ಟಾಗ ಬರುವವರು ಮೊದಲು ಮಾಡುವ ಕೆಲಸ ರೌಟರಿನ ಹಿಂದಿನ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡುವುದು. ಆಗ ನಂಬರ್, ರೂಲ್, ಟೈಮ್ ಜೋನ್ ಎಲ್ಲ ಹೋಗುತ್ತದೆ, ಐಪಿವಿ6 ಕೂಡ ಮತ್ತೆ ಆನ್ ಆಗಿರಬಹುದು. ಆ ಫೈಲ್ ಇದ್ದರೆ Restore ಒತ್ತಿದರೆ ಸಾಕು.